ಗ್ರಹಣವಿಲ್ಲದ ದಿನ ನಿಂತ ಒನಕೆ

2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಕರಾವಳಿಯಲ್ಲಿ ಸೂರ್ಯನ ಬಹುಭಾಗ ಮರೆಯಾಗಿತ್ತು. ಕಾಸರಗೋಡಿನ ಚೆರುವತ್ತೂರಿನಲ್ಲಿ ಅದು ಕಂಕಣವಾಗಿಯೇ ಕಂಡಿತು. ಆ ದಿನ ನನ್ನ ಮೊಬೈಲಿಗೆ ಬಂದ ಚಿತ್ರಗಳಲ್ಲಿ ಸೂರ್ಯನಿಗಿಂತ ಹೆಚ್ಚಾಗಿ ಇದ್ದದ್ದು ಒನಕೆ. ಹಿತ್ತಾಳೆ ತಟ್ಟೆಯಲ್ಲಿ ನೀರು, ಅದಕ್ಕೆ ಅರಿಸಿನ ಕುಂಕುಮ, ನಡುವೆ ಯಾರೂ ಹಿಡಿಯದೆ ನಿಂತ ಒನಕೆ. ಕೆಳಗೆ ಬರಹ: ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ತಾನೇ ಬೀಳುತ್ತದೆ, ವಿಜ್ಞಾನಿಗಳಿಗೂ ಇದರ ಗುಟ್ಟು ತಿಳಿದಿಲ್ಲ.

ಒನಕೆ ನಿಂತರೆ ಯಾರಿಗೇನು ನಷ್ಟ ಎಂದು ಆಗ ನಾನೂ ಸುಮ್ಮನಿದ್ದೆ. ಆದರೆ ಅದೇ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ಬಂತು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ಕೈಕಾಲು ಸರಿಹೋಗುತ್ತದೆ ಎಂಬ ನಂಬಿಕೆ. ತಾಯಿತಂದೆಯರ ಸಂಕಟವನ್ನು ನಾನು ಅಣಕಿಸಲಾರೆ. ಆದರೆ ಆ ಹೊತ್ತಿನಲ್ಲಿ ಭೂಮಿಯ ಮೇಲೆ ವಿಶೇಷ ಶಕ್ತಿಯೊಂದು ಇಳಿಯುತ್ತದೆ ಎಂಬ ಮಾತಿಗೆ ಊರೂರಿನಲ್ಲಿ ತೋರಿಸುವ ಕಣ್ಣಾರೆ ಸಾಕ್ಷಿ ಯಾವುದು? ಇದೇ ಒನಕೆ. ಆದ್ದರಿಂದ ಅದನ್ನು ಕೈಗೆತ್ತಿಕೊಂಡೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಟ್ಟಡ, ಸೇತುವೆಗಳ ಕೆಲಸ ಮಾಡಿದವನು. ನಿಂತ ವಸ್ತು ಯಾಕೆ ನಿಂತಿದೆ, ಎಷ್ಟು ವಾಲಿದರೆ ಬೀಳುತ್ತದೆ ಎಂಬ ಲೆಕ್ಕವೇ ನನ್ನ ಕಾಯಕವಾಗಿತ್ತು. ನಿವೃತ್ತಿಯ ನಂತರ ಮಣಿಪಾಲದಲ್ಲಿ ನೆಲೆಸಿದ್ದೇನೆ. ಮೂರು ಒನಕೆ ಹುಡುಕಿದೆ: ನಮ್ಮ ಮನೆಯದೊಂದು, ಕಾಪುವಿನ ಪರಿಚಿತರ ಮನೆಯ ಹಳೆಯದೊಂದು, ಕಾರ್ಕಳದ ಸ್ನೇಹಿತರ ಅಟ್ಟದಲ್ಲಿದ್ದದ್ದೊಂದು. ಗ್ರಹಣವೂ ಇಲ್ಲದ, ಅಮಾವಾಸ್ಯೆ ಹುಣ್ಣಿಮೆಯೂ ಅಲ್ಲದ ದಿನ ಆರಿಸಿ ಅಂಗಳದಲ್ಲಿ ತಟ್ಟೆ ಇಟ್ಟೆ.

ಕಾರ್ಕಳದ ಒನಕೆ ಮೊದಲ ಸಲವೇ ನಿಂತಿತು. ಅದರ ತುದಿಗೆ ಕಬ್ಬಿಣದ ಬಳೆಯಿದೆ, ತಳ ಸಮತಟ್ಟು. ನಮ್ಮ ಮನೆಯದು ಹನ್ನೊಂದನೆಯ ಪ್ರಯತ್ನಕ್ಕೆ ನಿಂತಿತು. ಕಾಪುವಿನದು ಮುಕ್ಕಾಲು ಗಂಟೆ ಹೆಣಗಿದರೂ ನಿಲ್ಲಲಿಲ್ಲ. ಕುಟ್ಟಿ ಕುಟ್ಟಿ ಅದರ ತಳ ನಿಂಬೆಹಣ್ಣಿನಂತೆ ಉರುಟಾಗಿತ್ತು. ಅದನ್ನು ಮರಳಿಸಲಿಲ್ಲ, ಇಟ್ಟುಕೊಂಡೆ. 2022ರ ಅಕ್ಟೋಬರ್ 25ರ ಸಂಜೆ, ದೀಪಾವಳಿಯ ನಡುವೆ ಬಂದ ಖಂಡಗ್ರಾಸ ಸೂರ್ಯಗ್ರಹಣದ ಹೊತ್ತಿನಲ್ಲಿ, ಮೂರನ್ನೂ ಮತ್ತೆ ಪರೀಕ್ಷಿಸಿದೆ. ನಿಲ್ಲುವ ಎರಡು ನಿಂತವು. ಕಾಪುವಿನದು ಆಗಲೂ ನಿಲ್ಲಲಿಲ್ಲ. ನಿಲ್ಲಿಸುವುದು ಗ್ರಹಣವಾಗಿದ್ದರೆ ಅದು ಉರುಟು ತಳವನ್ನು ನೋಡಿ ಹಿಂಜರಿಯಬೇಕಿರಲಿಲ್ಲ.

ಕಾರಣ ಸರಳ. ವಸ್ತುವಿನ ತೂಕದ ನಡುಬಿಂದುವಿನಿಂದ ನೇರ ಕೆಳಗೆ ಎಳೆದ ಗೆರೆ ಅದರ ತಳದೊಳಗೇ ಬೀಳುತ್ತಿದ್ದರೆ ವಸ್ತು ನಿಲ್ಲುತ್ತದೆ. ತಳ ದಾಟಿದರೆ ಉರುಳುತ್ತದೆ. 90 ಸೆಂಟಿಮೀಟರ್ ಉದ್ದದ, 5 ಸೆಂಟಿಮೀಟರ್ ಅಗಲದ ಸಮತಟ್ಟು ತಳವಿರುವ ಒನಕೆಯನ್ನು ತೆಗೆದುಕೊಳ್ಳಿ. ತೂಕದ ನಡುಬಿಂದು ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದು ತಳದ ಅರ್ಧ, ಅಂದರೆ ಎರಡೂವರೆ ಸೆಂಟಿಮೀಟರ್ ಸರಿಯುವವರೆಗೆ ಭಯವಿಲ್ಲ. ಆ ಹೊತ್ತಿಗೆ ಒನಕೆಯ ಮೇಲ್ತುದಿ 5 ಸೆಂಟಿಮೀಟರ್ ವಾಲಿರುತ್ತದೆ. ಇಷ್ಟು ಸಡಿಲ ಇರುವಾಗ ಅದನ್ನು ನಿಲ್ಲಿಸಲು ತಾಳ್ಮೆಯ ಕೈ ಸಾಕು. ತಳ ಸವೆದು ಒಂದೇ ಸೆಂಟಿಮೀಟರ್ ಅಗಲದ ಸಮಜಾಗ ಉಳಿದಿದ್ದರೆ ಮೇಲ್ತುದಿ ಒಂದು ಸೆಂಟಿಮೀಟರ್ ವಾಲಿದರೂ ಬೀಳುತ್ತದೆ. ಪೂರಾ ಉರುಟಾದರೆ ನಿಲ್ಲುವುದೇ ಇಲ್ಲ.

ಹಾಗಾದರೆ ನೀರು ಏಕೆ? ತಟ್ಟೆಯ ನೀರು ಒಂದು ಕಡೆ ಆಳ, ಇನ್ನೊಂದು ಕಡೆ ತೆಳು ಕಂಡರೆ ತಟ್ಟೆ ವಾಲಿದೆ ಎಂದು ತಕ್ಷಣ ತಿಳಿಯುತ್ತದೆ. ನಾವು ಅರಿಯದೆಯೇ ಅದನ್ನು ಸರಿಸಿ ಮಟ್ಟ ಮಾಡುತ್ತೇವೆ. ಗೋಡೆ ಕಟ್ಟುವ ಮೇಸ್ತ್ರಿಯ ಮಟ್ಟಗೋಲಿನ ಕೆಲಸವನ್ನೇ ಆ ನೀರು ಮಾಡುತ್ತದೆ. ನೀರಿಲ್ಲದೆಯೂ ಒನಕೆ ನಿಂತದ್ದನ್ನು ನಾನು ನೋಡಿದ್ದೇನೆ, ಸ್ವಲ್ಪ ಹೆಚ್ಚು ಪ್ರಯತ್ನ ಬೇಕಾಯಿತು, ಅಷ್ಟೆ.

ಸೂರ್ಯಚಂದ್ರರು ಒಂದೇ ಸಾಲಿಗೆ ಬಂದು ಒನಕೆಯನ್ನು ಮೇಲಕ್ಕೆ ಎಳೆಯುತ್ತಾರೆ ಎಂಬ ವಾದವನ್ನು ವಿಜ್ಞಾನದ ಮಾತಿನಲ್ಲೇ ಹೇಳುವವರಿದ್ದಾರೆ. ಆ ಸೆಳೆತ ಇರುವುದು ನಿಜ, ಸಮುದ್ರದ ಉಬ್ಬರವಿಳಿತ ಅದರಿಂದಲೇ. ಆದರೆ ಇಬ್ಬರೂ ಸೇರಿ ಎರಡು ಕಿಲೋ ಒನಕೆಯ ತೂಕದಲ್ಲಿ ಮಾಡುವ ವ್ಯತ್ಯಾಸ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ, ಒಂದು ಸಾಸಿವೆ ಕಾಳಿನಷ್ಟೂ ಅಲ್ಲ. ಅಲ್ಲದೆ ಆ ಸಾಲು ಹೆಚ್ಚುಕಡಿಮೆ ಪ್ರತಿ ಅಮಾವಾಸ್ಯೆಗೂ ಬರುತ್ತದೆ. ಕಾಪುವಿನ ಮೀನುಗಾರರಿಗೆ ಅಮಾವಾಸ್ಯೆಯ ದೊಡ್ಡ ಉಬ್ಬರ ಗೊತ್ತು, ಅದಕ್ಕೆ ಗ್ರಹಣ ಬೇಕಿಲ್ಲ.

ಇನ್ನು ಗ್ರಹಣ ಬಿಟ್ಟಾಗ ಬೀಳುತ್ತದೆ ಎಂಬ ಮಾತು. ನಿಲ್ಲಿಸಿದ ಒನಕೆಯನ್ನು ಬೆಳಿಗ್ಗೆ ಎಂಟಕ್ಕೆ ಮುಟ್ಟದೆ ಬಿಟ್ಟೆ. ಮರುದಿನ ಬೆಳಿಗ್ಗೆಯೂ ನಿಂತೇ ಇತ್ತು. ಕಸ ಗುಡಿಸಬೇಕೆಂದು ಮನೆಯವರು ಹೇಳಿದಾಗ ನಾನೇ ತೆಗೆದಿಟ್ಟೆ. ಗ್ರಹಣದ ದಿನ ಹೆಚ್ಚಿನ ಮನೆಗಳಲ್ಲಿ ನಡೆಯುವುದೂ ಇದೇ: ಮೋಕ್ಷವಾದ ಮೇಲೆ ಸ್ನಾನಕ್ಕೆ, ಮನೆ ತೊಳೆಯುವುದಕ್ಕೆ ಓಡಾಟ ಶುರುವಾಗುತ್ತದೆ, ಯಾರದೋ ಕೈ ತಟ್ಟೆಗೆ ತಾಗುತ್ತದೆ. ಉಳಿದ ದಿನಗಳಲ್ಲಿ ಒನಕೆ ನಿಲ್ಲಿಸಿ ನೋಡುವವರೇ ಇಲ್ಲವಾದ್ದರಿಂದ ಅದು ನಿಲ್ಲುವುದಿಲ್ಲ ಎಂದೇ ಉಳಿದುಬಿಟ್ಟಿದೆ.

ಇದನ್ನೆಲ್ಲ ಎರಡು ನಿಮಿಷದ ವಿಡಿಯೋ ಮಾಡಿದೆ. ಇಲ್ಲಿ ನನ್ನ ತಪ್ಪನ್ನು ಹೇಳಬೇಕು, ಏಕೆಂದರೆ ಈ ಲೇಖನ ಬರೆದದ್ದೇ ಅದಕ್ಕಾಗಿ. ಮೊದಲ ವಿಡಿಯೋದಲ್ಲಿ ಆರಂಭಕ್ಕೆ ಜನ ಕಳಿಸುವ ಚಿತ್ರವನ್ನೇ ಹಾಕಿ, "ಗ್ರಹಣದಲ್ಲಿ ಒನಕೆ ನಿಲ್ಲುತ್ತದೆ ಎನ್ನುವ ಮೂಢರೇ ಕೇಳಿ" ಎಂದು ಗುಡುಗಿದ್ದೆ. ನಂತರ ನನ್ನ ಅಂಗಳದಲ್ಲಿ ಒನಕೆ ನಿಂತ ದೃಶ್ಯ. ವಿವರಣೆ ಕೊನೆಗೆ. ಮೂರನೆಯ ದಿನ ರಾಣೆಬೆನ್ನೂರಿನಿಂದ ಅಕ್ಕನ ಫೋನು.

"ಏನಪಾ ತಮ್ಮಾ, ನೀನೂ ಒನಕಿ ನಿಲ್ಲಿಸೀಯಂತಲ್ಲ? ಎಂಜಿನಿಯರನ ಮನ್ಯಾಗೂ ನಿಂತೈತಿ ಅಂತ ನಮ್ಮ ಓಣ್ಯಾಗೆಲ್ಲಾ ಸುದ್ದಿ."

"ಅಕ್ಕಾ, ಪೂರಾ ನೋಡಿದ್ಯೇನು?"

"ನನಗ ಬಂದದ್ದು ಇಷ್ಟ ನೋಡಪಾ, ಒನಕಿ ನಿಂತದ್ದು. ಮಾತ ಇಲ್ಲ ಅದರಾಗ."

ಯಾರೋ ಹದಿನೈದು ಸೆಕೆಂಡಿನ ತುಂಡು ಕತ್ತರಿಸಿ, ದನಿ ತೆಗೆದು, ಗ್ರಹಣದ ಪವಾಡವೆಂದು ಕಳಿಸಿದ್ದರು. ಸುಳ್ಳನ್ನು ಒಡೆಯಲು ಹೋಗಿ ಅದಕ್ಕೆ ಇನ್ನೊಂದು ಸಾಕ್ಷಿ ಒದಗಿಸಿದ್ದೆ. ಅಕ್ಕ ಇನ್ನೊಂದು ಮಾತು ಸೇರಿಸಿದಳು: "ಮೂಢರು ಅಂದೀಯಂತ. ಅವ್ವನೂ ನಿಲ್ಲಿಸ್ತಿದ್ಲು, ನೆನಪೈತೇನು?" ನನಗೆ ಉತ್ತರ ಹೊಳೆಯಲಿಲ್ಲ.

ಎರಡನೆಯ ವಿಡಿಯೋವನ್ನು ಬೇರೆಯಾಗಿ ಕಟ್ಟಿದೆ. ಮೊದಲ ವಾಕ್ಯವೇ ನಿಜ: "ತಳ ಸಮತಟ್ಟಾಗಿದ್ದರೆ ಒನಕೆ ಯಾವ ದಿನವೂ ನಿಲ್ಲುತ್ತದೆ." ತಪ್ಪು ಮಾತು ನಡುವೆ ಒಂದೇ ಸಲ ಬರುತ್ತದೆ, ಅದೂ ತಪ್ಪೆಂದು ಹೇಳಿದ ಮೇಲೆ. ಮತ್ತೆ ಕೊನೆಗೆ ನಿಜವೇ. ಹಳೆಯ ಚಿತ್ರ ಹಾಕಲಿಲ್ಲ. ಒನಕೆಯ ಹಿಂದೆ ಸ್ಲೇಟು ಇಟ್ಟು ತಾರೀಖು ಬರೆದು, ಕೆಳಗೆ ದೊಡ್ಡದಾಗಿ "ಇಂದು ಗ್ರಹಣವಿಲ್ಲ" ಎಂದು ಬರೆದೆ. ಯಾವ ತುಂಡು ಕತ್ತರಿಸಿದರೂ, ದನಿ ತೆಗೆದರೂ, ಸ್ಲೇಟು ಜೊತೆಗೇ ಹೋಗುತ್ತದೆ. ಕಾಪುವಿನ ಒನಕೆ ಬೀಳುವುದನ್ನೂ ತೋರಿಸಿದೆ. ನಿಲ್ಲದ್ದನ್ನು ಮುಚ್ಚಿಟ್ಟರೆ, ಮನೆಯಲ್ಲಿ ನಿಲ್ಲಿಸಲಾಗದವರು ನನ್ನನ್ನೇ ಸುಳ್ಳುಗಾರ ಎನ್ನುತ್ತಾರೆ, ಸರಿಯಾಗಿಯೇ. ಬೈಗುಳದ ಜಾಗದಲ್ಲಿ ಒಂದು ಕೆಲಸ ಕೊಟ್ಟೆ: ನಿಮ್ಮ ಒನಕೆಯ ತಳ ನೋಡಿ, ಇಂದೇ ನಿಲ್ಲಿಸಿ, ನಾಳೆ ಬೆಳಿಗ್ಗೆ ನನಗೆ ತಿಳಿಸಿ. ಅಕ್ಕನೇ ಮೊದಲು ತಿಳಿಸಿದವಳು. ಅವ್ವನ ಒನಕೆ ಸೋಮವಾರ ನಿಂತು ಮಂಗಳವಾರವೂ ನಿಂತಿತ್ತು.

ಈ ವಿಡಿಯೋಗೆ ಮಿತಿಯೂ ಇದೆ. ಒನಕೆಗೂ ಗ್ರಹಣಕ್ಕೂ ಸಂಬಂಧವಿಲ್ಲ ಎನ್ನುವುದಷ್ಟನ್ನೇ ಅದು ತೋರಿಸುತ್ತದೆ. ಗ್ರಹಣದಿಂದ ಯಾವ ಅಪಾಯವೂ ಇಲ್ಲ ಎಂದು ಅದರ ಬಾಲಕ್ಕೆ ಕಟ್ಟಬಾರದು, ಏಕೆಂದರೆ ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುವುದು ನಿಜ. ನೋಡುವುದಕ್ಕೆ ತಕ್ಕ ಸೋಸುಕನ್ನಡಕ ಬೇಕು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದಂಥವರು ಜನರಿಗೆ ಕ್ರಮವಾಗಿ ಗ್ರಹಣ ತೋರಿಸುತ್ತಾರೆ, ಅಲ್ಲಿಗೆ ಹೋಗಬಹುದು. ಮಗುವನ್ನು ಮಣ್ಣಿನಲ್ಲಿ ನಿಲ್ಲಿಸಿದ ತಾಯಿಗೂ ಎರಡು ನಿಮಿಷದ ವಿಡಿಯೋ ಸಾಲದು. ಅವಳಿಗೆ ವೈದ್ಯರು ಬೇಕು, ಜೊತೆಗೆ ಹೋಗುವವರು ಬೇಕು.

ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆ ಎಂಬ ಭಯವನ್ನು ಬಸವಾದಿ ಶರಣರು ಎಂದೋ ಕಳಚಿಟ್ಟರು. ಅವರನ್ನು ನೆನೆಯುವ ನಮ್ಮ ಮನೆಗಳಲ್ಲೂ ಗ್ರಹಣದ ದಿನ ತಟ್ಟೆ ಹೊರಬರುವುದುಂಟು. ಅದಕ್ಕೆ ನಾಚುವುದಕ್ಕಿಂತ ನಾಲ್ಕು ದಿನ ಮೊದಲೇ ಆ ತಟ್ಟೆ ಹೊರತೆಗೆಯೋಣ. ಮುಂದೆ 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮ್ಮಲ್ಲಿ ಪಾರ್ಶ್ವವಾಗಿ ಕಾಣಬೇಕು. ಉಡುಪಿಯಲ್ಲಿ ಆಗ ಮಳೆಗಾಲ, ಸೂರ್ಯ ಮೋಡದ ಹಿಂದೆಯೇ ಇರಬಹುದು. ಚಿತ್ರಗಳು ಮಾತ್ರ ತಪ್ಪದೆ ಬರುತ್ತವೆ. ಜುಲೈ ಕೊನೆಯ ವಾರದಲ್ಲೇ ಮಠದ ದಾಸೋಹದ ಅಂಗಳದಲ್ಲಿ, ಬಂದ ಮಕ್ಕಳ ಕೈಯಿಂದಲೇ ಒನಕೆ ನಿಲ್ಲಿಸಿ, ಪಕ್ಕದಲ್ಲಿ ತಾರೀಖಿನ ಸ್ಲೇಟು ಇಟ್ಟರೆ ಸಾಕು. ಉರುಟು ತಳದ ಒನಕೆಯೊಂದನ್ನೂ ಇಡಲು ಮರೆಯಬೇಡಿ. ನನ್ನ ಹತ್ತಿರ ಒಂದಿದೆ, ಕಳಿಸಿಕೊಡುತ್ತೇನೆ.