ಬೆಲೆಯೇರಿಕೆ ಮತ್ತು ನಿರುದ್ಯೋಗ: ಜನರ ನಿರೀಕ್ಷೆ ಬದಲಾದಾಗ ಲೆಕ್ಕವೂ ಬದಲಾಗುವುದೇಕೆ?

ರಿಸರ್ವ್ ಬ್ಯಾಂಕು ಬಡ್ಡಿದರವನ್ನು ಏರಿಸಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಓದು ಮುಗಿಸಿದ ಮಕ್ಕಳಿಗೆ ಕೆಲಸವಿಲ್ಲದಿರುವಾಗ ಸಾಲವನ್ನು ಇನ್ನಷ್ಟು ದುಬಾರಿಯಾಗಿಸುವುದು ಏಕೆ? ಬೆಲೆ ಸ್ವಲ್ಪ ಏರಿದರೂ ಚಿಂತೆಯಿಲ್ಲ, ನಾಲ್ಕು ಜನರಿಗೆ ಉದ್ಯೋಗ ದೊರೆಯಲಿ ಎಂದು ಸರಕಾರ ನಿರ್ಧರಿಸಬಾರದೇ? ಇದು ಅರ್ಥಶಾಸ್ತ್ರಜ್ಞರೇ ಒಂದು ಕಾಲದಲ್ಲಿ ಗಂಭೀರವಾಗಿ ಕೇಳಿದ ಪ್ರಶ್ನೆ. ಅಮೆರಿಕವು 1960ರ ದಶಕದಲ್ಲಿ ಬಹುಮಟ್ಟಿಗೆ ಅದೇ ದಾರಿಯಲ್ಲಿ ನಡೆದು, ಅದರ ಫಲವನ್ನು ಮುಂದಿನ ಹದಿನೈದು ವರ್ಷಗಳ ಕಾಲ ಉಂಡಿತು. ಆ ಅನುಭವವನ್ನು ಅರಿತರೆ ಇಂದಿನ ನಮ್ಮ ಬಡ್ಡಿದರದ ನಿರ್ಣಯಗಳ ಹಿಂದಿರುವ ತರ್ಕ ಸ್ಪಷ್ಟವಾಗುತ್ತದೆ.

ಒಂದು ವಕ್ರರೇಖೆಯ ಹುಟ್ಟು

ನ್ಯೂಜಿಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಎ.ಡಬ್ಲ್ಯು. ಫಿಲಿಪ್ಸ್ 1958ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. 1861ರಿಂದ 1957ರವರೆಗಿನ ಬ್ರಿಟನ್ನಿನ ಅಂಕಿಅಂಶಗಳನ್ನು ಜೋಡಿಸಿ ನೋಡಿದಾಗ, ನಿರುದ್ಯೋಗ ಕಡಿಮೆಯಿದ್ದ ವರ್ಷಗಳಲ್ಲಿ ಕೂಲಿ ವೇಗವಾಗಿ ಏರಿದ್ದುದೂ ನಿರುದ್ಯೋಗ ಹೆಚ್ಚಿದ್ದ ವರ್ಷಗಳಲ್ಲಿ ಕೂಲಿಯ ಏರಿಕೆ ಮಂದವಾಗಿದ್ದುದೂ ಅವರಿಗೆ ಕಂಡುಬಂತು. ಇದರ ಕಾರಣ ಸರಳ. ಕೆಲಸಗಾರರು ಸುಲಭವಾಗಿ ದೊರೆಯದಿದ್ದಾಗ ಮಾಲೀಕರು ಹೆಚ್ಚು ಕೂಲಿ ಕೊಟ್ಟು ಅವರನ್ನು ಸೆಳೆಯಬೇಕಾಗುತ್ತದೆ. ಆ ಕೂಲಿಯ ಭಾರ ವಸ್ತುಗಳ ಬೆಲೆಗೆ ಸೇರುತ್ತದೆ.

ಎರಡು ವರ್ಷಗಳ ನಂತರ ಪಾಲ್ ಸ್ಯಾಮ್ಯುಯೆಲ್ಸನ್ ಮತ್ತು ರಾಬರ್ಟ್ ಸೋಲೋ ಅಮೆರಿಕಕ್ಕೆ ಇದೇ ಬಗೆಯ ರೇಖೆಯನ್ನು ಎಳೆದು ತೋರಿಸಿದರು. ಇದು ಶಾಶ್ವತವಾದ ಸಂಬಂಧವಲ್ಲ, ಕಾಲಾಂತರದಲ್ಲಿ ರೇಖೆಯೇ ಸ್ಥಾನ ಬದಲಿಸಬಹುದು ಎಂಬ ಎಚ್ಚರಿಕೆಯ ಮಾತು ಅವರ ಬರಹದಲ್ಲಿಯೇ ಇತ್ತು. ಆದರೆ ಆ ರೇಖೆ ಆಡಳಿತಗಾರರಿಗೆ ಅಂಗಡಿಯ ದರಪಟ್ಟಿಯಂತೆ ಕಂಡಿತು: ಇಷ್ಟು ಬೆಲೆಯೇರಿಕೆಯನ್ನು ಸಹಿಸಿದರೆ ಇಷ್ಟು ನಿರುದ್ಯೋಗ ಇಳಿಯುತ್ತದೆ, ಬೇಕಾದುದನ್ನು ಆರಿಸಿಕೊಳ್ಳಬಹುದು.

ಮೊದಮೊದಲು ಲೆಕ್ಕ ಸರಿಹೊಂದಿತು. 1961ರಲ್ಲಿ ಅಮೆರಿಕದ ನಿರುದ್ಯೋಗ ಶೇಕಡಾ 6.7, ಬೆಲೆಯೇರಿಕೆ ಸುಮಾರು ಶೇಕಡಾ 1. ತೆರಿಗೆ ಕಡಿತ, ಸರಕಾರದ ಹೆಚ್ಚಿದ ವೆಚ್ಚ, ವಿಯೆಟ್ನಾಂ ಯುದ್ಧದ ಖರ್ಚು ಇವೆಲ್ಲ ಸೇರಿ ಬೇಡಿಕೆ ಏರಿತು. 1969ರ ಹೊತ್ತಿಗೆ ನಿರುದ್ಯೋಗ ಶೇಕಡಾ 3.5ಕ್ಕೆ ಇಳಿಯಿತು, ಬೆಲೆಯೇರಿಕೆ ಶೇಕಡಾ 5.5ಕ್ಕೆ ಮುಟ್ಟಿತು. ವಿನಿಮಯ ಸಾಧ್ಯವೆಂಬುದು ರುಜುವಾದಂತೆ ತೋರಿತು.

ಕೂಲಿಗಾರನಿಗೆ ತಿಳಿಯುವುದು ತಡವಾಗಿ

ಈ ವಿನಿಮಯ ಅಲ್ಪಕಾಲದಲ್ಲಿ ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಸೊಲ್ಲಾಪುರದಂತಹ ಊರಿನ ಒಂದು ಮಗ್ಗದ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕೂಲಿಯ ಒಪ್ಪಂದವಾಗುತ್ತದೆ ಎಂದುಕೊಳ್ಳಿ. ಬೆಲೆಗಳು ಶೇಕಡಾ 2ರಷ್ಟು ಏರಬಹುದೆಂದು ಊಹಿಸಿ ನೇಕಾರರು ಕೂಲಿಯಲ್ಲಿಯೂ ಶೇಕಡಾ 2ರ ಹೆಚ್ಚಳಕ್ಕೆ ಒಪ್ಪುತ್ತಾರೆ. ಆದರೆ ಆ ವರ್ಷ ಬೆಲೆಗಳು ಶೇಕಡಾ 5ರಷ್ಟು ಏರುತ್ತವೆ. ಮಾಲೀಕನ ಟವೆಲಿಗೆ ಹೆಚ್ಚು ಬೆಲೆ ಸಿಗುತ್ತದೆ, ಕೊಡುವ ಕೂಲಿ ಮಾತ್ರ ಹಳೆಯ ಒಪ್ಪಂದದಂತೆಯೇ ಇರುತ್ತದೆ. ಲಾಭ ಕಂಡ ಅವನು ಇನ್ನೂ ಹತ್ತು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾನೆ. ನಿರುದ್ಯೋಗ ಇಳಿಯುತ್ತದೆ.

ಈ ಹತ್ತು ಉದ್ಯೋಗಗಳು ಹುಟ್ಟಿದ್ದು ಬೆಲೆ ಏರಿದ್ದರಿಂದಲ್ಲ, ಬೆಲೆ *ನಿರೀಕ್ಷೆಗಿಂತ ಹೆಚ್ಚು* ಏರಿದ್ದರಿಂದ. ನೇಕಾರನ ಕೈಗೆ ಬಂದ ಹಣ ಹೆಚ್ಚಾಗಿದ್ದರೂ ಅದರಿಂದ ಕೊಳ್ಳಬಹುದಾದ ಅಕ್ಕಿ ಬೇಳೆ ಕಡಿಮೆಯಾಗಿದೆ. ವರ್ಷದ ಕೊನೆಗೆ ಅವನ ಮನೆಯವರಿಗೆ ಇದು ಅರಿವಾಗುತ್ತದೆ. ಮುಂದಿನ ಒಪ್ಪಂದದಲ್ಲಿ ಅವನು ಶೇಕಡಾ 2ಕ್ಕೆ ಒಪ್ಪುವುದಿಲ್ಲ, ಶೇಕಡಾ 5ರ ಹೆಚ್ಚಳವನ್ನು ಕೇಳುತ್ತಾನೆ. ಆಗ ಬೆಲೆಗಳು ಮತ್ತೆ ಶೇಕಡಾ 5ರಷ್ಟೇ ಏರಿದರೆ ಮಾಲೀಕನಿಗೆ ಹೆಚ್ಚುವರಿ ಲಾಭವಿಲ್ಲ, ಹೊಸದಾಗಿ ಸೇರಿಸಿಕೊಂಡ ಹತ್ತು ಜನರೂ ಉಳಿಯುವುದಿಲ್ಲ. ನಿರುದ್ಯೋಗ ಹಳೆಯ ಮಟ್ಟಕ್ಕೆ ಮರಳುತ್ತದೆ, ಆದರೆ ಬೆಲೆಯೇರಿಕೆ ಮಾತ್ರ 2ಕ್ಕೆ ಮರಳದೆ 5ರಲ್ಲಿಯೇ ನಿಂತುಬಿಡುತ್ತದೆ.

ಇದನ್ನೇ ಮಿಲ್ಟನ್ ಫ್ರೀಡ್‌ಮನ್ 1967ರ ಡಿಸೆಂಬರಿನಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ವಿವರಿಸಿದರು. ಅದೇ ಸುಮಾರಿಗೆ ಎಡ್ಮಂಡ್ ಫೆಲ್ಪ್ಸ್ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಪ್ರತಿಯೊಂದು ಆರ್ಥಿಕತೆಗೂ ಅದರ ಕೌಶಲ, ಕಾನೂನು, ಕೆಲಸ ಹುಡುಕುವ ವ್ಯವಸ್ಥೆ ಇವುಗಳಿಂದ ನಿರ್ಧಾರವಾಗುವ ಒಂದು ‘ಸಹಜ ನಿರುದ್ಯೋಗ ದರ’ ಇರುತ್ತದೆ. ಹಣವನ್ನು ಸಡಿಲಬಿಟ್ಟು ಅದರ ಕೆಳಗೆ ಇಳಿಯಬಹುದು, ಆದರೆ ಅಲ್ಲಿಯೇ ಉಳಿಯಬೇಕಾದರೆ ಬೆಲೆಯೇರಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋಗಬೇಕು ಎಂಬುದು ಅವರ ವಾದ.

ಐದು ವರ್ಷಗಳ ಒಂದು ಲೆಕ್ಕ

ಈ ವಾದವನ್ನು ಶಾಲೆಯ ಗಣಿತದಲ್ಲಿಯೇ ಪರಿಶೀಲಿಸಬಹುದು. ಒಂದು ದೇಶದ ಸಹಜ ನಿರುದ್ಯೋಗ ದರ ಶೇಕಡಾ 5, ಬೆಲೆಯೇರಿಕೆ ಶೇಕಡಾ 2 ಎಂದಿಟ್ಟುಕೊಳ್ಳೋಣ. ಹಿಂದಿನ ವರ್ಷ ಎಷ್ಟು ಏರಿತ್ತೋ ಈ ವರ್ಷವೂ ಅಷ್ಟೇ ಏರುತ್ತದೆಂದು ಜನ ನಿರೀಕ್ಷಿಸುತ್ತಾರೆ. ನಿರುದ್ಯೋಗವು ಸಹಜ ದರಕ್ಕಿಂತ ಎರಡು ಅಂಶ ಕೆಳಗಿದ್ದರೆ ಬೆಲೆಯೇರಿಕೆಯು ನಿರೀಕ್ಷೆಗಿಂತ ಒಂದು ಅಂಶ ಮೇಲಿರುತ್ತದೆ, ಎರಡು ಅಂಶ ಮೇಲಿದ್ದರೆ ಒಂದು ಅಂಶ ಕೆಳಗಿರುತ್ತದೆ ಎಂಬುದು ನಮ್ಮ ನಿಯಮ.

ಸರಕಾರ ನಿರುದ್ಯೋಗವನ್ನು ಶೇಕಡಾ 3ರಲ್ಲಿ ಹಿಡಿದಿಡಲು ನಿಶ್ಚಯಿಸುತ್ತದೆ. ಮೊದಲ ವರ್ಷ ಜನರ ನಿರೀಕ್ಷೆ 2, ಬೆಲೆಯೇರಿಕೆ 3. ಎರಡನೆಯ ವರ್ಷ ನಿರೀಕ್ಷೆಯೇ 3 ಆದುದರಿಂದ ಬೆಲೆಯೇರಿಕೆ 4. ಹೀಗೆಯೇ 5, 6 ಎಂದು ಸಾಗಿ ಐದನೆಯ ವರ್ಷ ಅದು 7ನ್ನು ಮುಟ್ಟುತ್ತದೆ. ಗಾಬರಿಗೊಂಡ ಸರಕಾರ ನಿರುದ್ಯೋಗವನ್ನು ಮತ್ತೆ 5ಕ್ಕೆ ಬಿಡುತ್ತದೆ. ಬೆಲೆಯೇರಿಕೆ 2ಕ್ಕೆ ಇಳಿಯುವುದೇ? ಇಲ್ಲ. ಜನ 7ನ್ನು ನಿರೀಕ್ಷಿಸುತ್ತಿದ್ದಾರೆ, ಹಾಗಾಗಿ 7ರಲ್ಲಿಯೇ ನಿಲ್ಲುತ್ತದೆ. ಅದನ್ನು 2ಕ್ಕೆ ಇಳಿಸಬೇಕಾದರೆ ನಿರುದ್ಯೋಗ ಶೇಕಡಾ 7ರಲ್ಲಿ ಐದು ವರ್ಷ ಇರಬೇಕು. ಮೊದಲ ಐದು ವರ್ಷಗಳಲ್ಲಿ ಪಡೆದುದನ್ನು ಕೊನೆಯ ಐದು ವರ್ಷಗಳಲ್ಲಿ ಹಿಂತಿರುಗಿಸಿದಂತಾಯಿತು.

ಹಾಗಾದರೆ ಫಿಲಿಪ್ಸ್ ರೇಖೆ ಸುಳ್ಳೇ? ಅಲ್ಲ. ಪ್ರತಿಯೊಂದು ನಿರೀಕ್ಷೆಗೂ ಒಂದೊಂದು ರೇಖೆಯಿದೆ. ನಿರೀಕ್ಷೆ ಏರಿದಾಗ ಇಡೀ ರೇಖೆಯೇ ಮೇಲಕ್ಕೆ ಸರಿಯುತ್ತದೆ. ಅಲ್ಪಕಾಲದಲ್ಲಿ ನಾವು ಒಂದೇ ರೇಖೆಯ ಮೇಲೆ ಚಲಿಸುತ್ತೇವೆ, ದೀರ್ಘಕಾಲದಲ್ಲಿ ರೇಖೆಯಿಂದ ರೇಖೆಗೆ ಏರಿಹೋಗುತ್ತೇವೆ.

ಅಮೆರಿಕ ತೆತ್ತ ಬೆಲೆ

ಫ್ರೀಡ್‌ಮನ್ನರ ಭಾಷಣವಾದ ಮೂರೇ ವರ್ಷಗಳಲ್ಲಿ ಈ ಸ್ಥಾನಪಲ್ಲಟ ಕಣ್ಣಿಗೆ ಕಾಣಿಸಿತು. 1970ರಲ್ಲಿ ಅಮೆರಿಕದ ನಿರುದ್ಯೋಗ ಶೇಕಡಾ 4.9ಕ್ಕೆ ಏರಿತು. ಹಳೆಯ ರೇಖೆಯಂತೆ ಬೆಲೆಯೇರಿಕೆ ಇಳಿಯಬೇಕಾಗಿತ್ತು, ಆದರೆ ಅದು ಶೇಕಡಾ 5ರ ಮೇಲೆಯೇ ಉಳಿಯಿತು. 1973ರ ಕೊನೆಯಲ್ಲಿ ಅರಬ್ ರಾಷ್ಟ್ರಗಳು ತೈಲದ ಪೂರೈಕೆಯನ್ನು ತಡೆದುದರಿಂದ ಪರಿಸ್ಥಿತಿ ಇನ್ನಷ್ಟು ಹದಗೆಟ್ಟಿತು. 1975ರಲ್ಲಿ ನಿರುದ್ಯೋಗ ಶೇಕಡಾ 8.5, ಬೆಲೆಯೇರಿಕೆ ಶೇಕಡಾ 9. ಎರಡೂ ಒಟ್ಟಿಗೆ ಏರಿದ್ದವು. ತೈಲವೇ ಇದಕ್ಕೆಲ್ಲ ಕಾರಣವೆನ್ನುವಂತಿಲ್ಲ, ಏಕೆಂದರೆ ಬೆಲೆಯೇರಿಕೆ ತೈಲಕ್ಕಿಂತ ಮೊದಲೇ ಬೇರುಬಿಟ್ಟಿತ್ತು. ಆದರೆ ನಿರೀಕ್ಷೆಗಳು ಆಗಲೇ ಸಡಿಲಗೊಂಡಿದ್ದುದರಿಂದ ತೈಲದ ಏಟು ಕೂಲಿಗೂ ಇತರ ಬೆಲೆಗಳಿಗೂ ಬೇಗನೆ ಹರಡಿತು.

1979ರ ಆಗಸ್ಟಿನಲ್ಲಿ ಪಾಲ್ ವೋಲ್ಕರ್ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ಅಧ್ಯಕ್ಷರಾದರು. ಜನರ ನಿರೀಕ್ಷೆಯನ್ನು ಮುರಿಯದೆ ಬೆಲೆಯೇರಿಕೆ ಇಳಿಯದೆಂಬುದು ಅವರ ನಿಲುವಾಗಿತ್ತು. ಬ್ಯಾಂಕುಗಳ ನಡುವಿನ ಅಲ್ಪಾವಧಿ ಬಡ್ಡಿದರ 1981ರಲ್ಲಿ ಶೇಕಡಾ 19ಕ್ಕೆ ಮುಟ್ಟಿತು. ಸಾಲವಿಲ್ಲದೆ ಮನೆ ಕಟ್ಟುವ ಕೆಲಸ ನಿಂತುಹೋದುದರಿಂದ ಕಟ್ಟಡ ಗುತ್ತಿಗೆದಾರರು ಮರದ ತುಂಡುಗಳ ಮೇಲೆ ತಮ್ಮ ಅಳಲನ್ನು ಬರೆದು ಅವರಿಗೆ ಅಂಚೆಯಲ್ಲಿ ಕಳುಹಿಸಿದರು. 1982ರ ಕೊನೆಗೆ ನಿರುದ್ಯೋಗ ಶೇಕಡಾ 10.8ನ್ನು ತಲುಪಿತು. 1980ರಲ್ಲಿ ಶೇಕಡಾ 13.5ರಷ್ಟಿದ್ದ ಬೆಲೆಯೇರಿಕೆ 1983ರಲ್ಲಿ ಶೇಕಡಾ 3.2ಕ್ಕೆ ಇಳಿಯಿತು. ಗುರಿ ಸಾಧಿಸಿತು. ಆದರೆ ಅದರ ಬೆಲೆಯನ್ನು ತೆತ್ತವರು ಕೆಲಸ ಕಳೆದುಕೊಂಡ ಲಕ್ಷಾಂತರ ಜನರು. 1960ರ ದಶಕದ ಅಗ್ಗದ ಉದ್ಯೋಗಗಳ ಬಾಕಿಯನ್ನು ಬಹುತೇಕ ಬೇರೆಯವರೇ ತೀರಿಸಿದರು.

ನಮ್ಮಲ್ಲಿ ಇದರ ಅರ್ಥ

ಭಾರತದಲ್ಲಿ 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಗೆ ತಿದ್ದುಪಡಿ ತಂದು ಆರು ಸದಸ್ಯರ ಹಣಕಾಸು ನೀತಿ ಸಮಿತಿಯನ್ನು ರಚಿಸಲಾಯಿತು. ಬೆಲೆಯೇರಿಕೆಗೆ ಶೇಕಡಾ 4ರ ಗುರಿಯನ್ನೂ ಎರಡು ಕಡೆಗೂ ಎರಡೆರಡು ಅಂಶಗಳ ಸಡಿಲಿಕೆಯನ್ನೂ ಗೊತ್ತುಪಡಿಸಲಾಯಿತು. ಗುರಿಯನ್ನು ಬಹಿರಂಗವಾಗಿ ಸಾರುವುದೇ ನಿರೀಕ್ಷೆಯನ್ನು ಕಟ್ಟಿಹಾಕುವ ಉಪಾಯ. ಈ ವರ್ಷ ಈರುಳ್ಳಿ ದುಬಾರಿಯಾದರೂ ಮುಂದಿನ ವರ್ಷ ಬೆಲೆಗಳು ಹದಕ್ಕೆ ಬರುತ್ತವೆಂದು ಜನ ನಂಬಿದರೆ ಈರುಳ್ಳಿಯ ಏರಿಕೆ ಕೂಲಿಗೆ, ಬಾಡಿಗೆಗೆ, ಇತರ ವಸ್ತುಗಳಿಗೆ ಅಂಟುವುದಿಲ್ಲ. ಮುಂದಿನ ಮೂರು ತಿಂಗಳಲ್ಲಿ ಮತ್ತು ಒಂದು ವರ್ಷದಲ್ಲಿ ಬೆಲೆಗಳು ಎಷ್ಟು ಏರಬಹುದೆಂದು ರಿಸರ್ವ್ ಬ್ಯಾಂಕು ನಗರಗಳ ಕುಟುಂಬಗಳನ್ನು ನಿಯತವಾಗಿ ಕೇಳುವುದು ಇದೇ ಕಾರಣಕ್ಕೆ. ಕುಟುಂಬಗಳ ಉತ್ತರ ಸಾಮಾನ್ಯವಾಗಿ ಸರಕಾರದ ಅಂಕಿಗಿಂತ ಮೇಲಿರುತ್ತದೆ. ಹಾಗಾಗಿ ಆ ಉತ್ತರದ ಮಟ್ಟಕ್ಕಿಂತ, ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದೇ ಹೆಚ್ಚು ಉಪಯುಕ್ತ ಸೂಚನೆ.

2022ರ ಏಪ್ರಿಲಿನಲ್ಲಿ ಬೆಲೆಯೇರಿಕೆ ಶೇಕಡಾ 7.79ಕ್ಕೆ ಮುಟ್ಟಿತು. ರಿಸರ್ವ್ ಬ್ಯಾಂಕು ರೆಪೋ ದರವನ್ನು ಶೇಕಡಾ 4ರಿಂದ 2023ರ ಫೆಬ್ರವರಿಯ ವೇಳೆಗೆ 6.5ಕ್ಕೆ ಏರಿಸಿತು. ಅಮೆರಿಕದಲ್ಲಿಯೂ 2022ರ ಜೂನ್‌ನಲ್ಲಿ ಶೇಕಡಾ 9.1ರಷ್ಟಿದ್ದ ಬೆಲೆಯೇರಿಕೆ ಒಂದು ವರ್ಷದಲ್ಲಿ ಸುಮಾರು ಶೇಕಡಾ 3ಕ್ಕೆ ಇಳಿಯಿತು. ನಿರುದ್ಯೋಗ ಮಾತ್ರ ಶೇಕಡಾ 3.6ರ ಆಸುಪಾಸಿನಲ್ಲಿಯೇ ಇತ್ತು. ವೋಲ್ಕರ್ ಕಾಲದ ನೋವು ಈ ಬಾರಿ ಬೇಕಾಗಲಿಲ್ಲ. ಪೂರೈಕೆಯ ಅಡಚಣೆಗಳು ನಿವಾರಣೆಯಾದುದು ಇದಕ್ಕೆ ಒಂದು ಕಾರಣ. ದೀರ್ಘಾವಧಿಯ ನಿರೀಕ್ಷೆಗಳು ಕದಲದಿದ್ದುದು ಇನ್ನೊಂದು.

ಈ ಸಿದ್ಧಾಂತಕ್ಕೆ ಮಿತಿಗಳೂ ಇವೆ. ಸಹಜ ನಿರುದ್ಯೋಗ ದರವನ್ನು ಯಾರೂ ಕಣ್ಣಾರೆ ಕಾಣುವುದಿಲ್ಲ. ಅದು ಅಂದಾಜು ಮಾತ್ರ, ಅಂದಾಜು ತಪ್ಪಿದರೆ ನೀತಿಯೂ ತಪ್ಪುತ್ತದೆ. ಒಪ್ಪಂದವಿಲ್ಲದ ದಿನಗೂಲಿಯೇ ಹೆಚ್ಚಿರುವ ನಮ್ಮ ದೇಶದಲ್ಲಿ ಕೆಲಸವಿಲ್ಲದವರ ಸಂಖ್ಯೆಗಿಂತ ಅರೆಹೊಟ್ಟೆಯ ಕೆಲಸದಲ್ಲಿರುವವರ ಸಂಖ್ಯೆ ದೊಡ್ಡದು. 2012ನ್ನು ಆಧಾರವರ್ಷವಾಗಿರಿಸಿಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇಕಡಾ 46ರ ಸಮೀಪವಿತ್ತು. ಮಳೆ ಕೈಕೊಟ್ಟು ತರಕಾರಿ ದುಬಾರಿಯಾದರೆ ಬಡ್ಡಿದರದಿಂದ ಅದನ್ನು ಇಳಿಸಲಾಗದು.

ಇನ್ನೊಂದು ಅಸಮಾನತೆಯನ್ನೂ ಗಮನಿಸಬೇಕು. ಸರಕಾರಿ ಶಾಲೆಯ ಅಧ್ಯಾಪಕರಿಗೆ ಬೆಲೆಗಳ ಹಿಂದೆಯೇ ತುಟ್ಟಿಭತ್ಯೆ ಏರುತ್ತದೆ, ತಡವಾದರೂ ಬರುತ್ತದೆ. ಅಡಿಕೆ ಸುಲಿಯುವವರಿಗೆ, ಬೀಡಿ ಕಟ್ಟುವವರಿಗೆ, ತೋಟದ ಕೂಲಿಯವರಿಗೆ ಅಂತಹ ಖಾತರಿಯಿಲ್ಲ. ಅನಿರೀಕ್ಷಿತ ಬೆಲೆಯೇರಿಕೆಯಿಂದ ಹುಟ್ಟುವ ಉದ್ಯೋಗದ ವೆಚ್ಚವನ್ನು ಭರಿಸುವುದು ಅವರ ಕರಗಿದ ಕೂಲಿಯೇ. ಶಾಶ್ವತವಾಗಿ ನಿರುದ್ಯೋಗವನ್ನು ಇಳಿಸಬೇಕಾದರೆ ಸಹಜ ದರವನ್ನೇ ಇಳಿಸಬೇಕು: ಕೌಶಲ ಶಿಕ್ಷಣ, ಊರಿನ ಸಮೀಪದ ಕೈಗಾರಿಕೆ, ಗಡಿ ದಾಟಿದರೂ ಮಾನ್ಯವಾಗುವ ಪ್ರಮಾಣಪತ್ರ ಮತ್ತು ಭಾಷೆಯ ಕಾರಣಕ್ಕೆ ಬಾಗಿಲು ಮುಚ್ಚದ ನೇಮಕಾತಿ. ಅದು ಸರಕಾರಗಳು ಮಾಡಬೇಕಾದ ಕೆಲಸ. ರಿಸರ್ವ್ ಬ್ಯಾಂಕಿನ ಬಡ್ಡಿದರದಿಂದ ಅದು ಆಗುವಂಥದ್ದಲ್ಲ.