ಸೆಪ್ಟೆಂಬರ್ 30ರ ಲೆಕ್ಕದೊಳಗೆ ಅಕ್ಟೋಬರ್ 24ರ ತೀರ್ಪು ಹೇಗೆ ಬಂತು?

2019ರ ನವೆಂಬರ್ 14ರಂದು ವೊಡಾಫೋನ್ ಐಡಿಯಾ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿತು. ನಷ್ಟ 50,921 ಕೋಟಿ ರೂಪಾಯಿ. ಅಲ್ಲಿಯವರೆಗೆ ಭಾರತದ ಯಾವ ಕಂಪನಿಯೂ ಒಂದು ತ್ರೈಮಾಸಿಕದಲ್ಲಿ ಇಷ್ಟು ದೊಡ್ಡ ನಷ್ಟ ತೋರಿಸಿರಲಿಲ್ಲ. ಅದೇ ದಿನ ಏರ್‌ಟೆಲ್ ಕೂಡ 23,045 ಕೋಟಿ ನಷ್ಟ ತೋರಿಸಿತು. ಕಾರಣ ಎಲ್ಲರಿಗೂ ಗೊತ್ತಿತ್ತು: ಎಜಿಆರ್ ತೀರ್ಪು. ದೀಪಾವಳಿಗೆ ಮೂರು ದಿನ ಮೊದಲು, ಅಕ್ಟೋಬರ್ 24ರಂದು, ಸುಪ್ರೀಂ ಕೋರ್ಟ್ ಟೆಲಿಕಾಂ ಕಂಪನಿಗಳ ವಿರುದ್ಧ ಮತ್ತು ದೂರಸಂಪರ್ಕ ಇಲಾಖೆಯ ಪರವಾಗಿ ತೀರ್ಪು ಕೊಟ್ಟಿತ್ತು.

ಆದರೆ ಇಲ್ಲೊಂದು ವಿಚಿತ್ರ ಇದೆ ನೋಡಿ. ಆ ಫಲಿತಾಂಶ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗಿನ ಮೂರು ತಿಂಗಳದ್ದು. ತೀರ್ಪು ಬಂದದ್ದು ಅವಧಿ ಮುಗಿದು 24 ದಿನ ಆದಮೇಲೆ. ಸೆಪ್ಟೆಂಬರ್ 30ರ ರಾತ್ರಿ ಕಂಪನಿಯ ಯಾರಿಗೂ ಗೊತ್ತಿರದಿದ್ದ ಸಂಗತಿ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ಬಂದು ಕೂತಿದ್ದು ಹೇಗೆ? ಮುಂದಿನ ತ್ರೈಮಾಸಿಕಕ್ಕೆ ಹಾಕಿಕೊಳ್ಳಬಹುದಿತ್ತಲ್ಲ? ನಾನು ಓದಿದ್ದು ಎಂಜಿನಿಯರಿಂಗ್, ಆಗ ಸುದ್ದಿಮನೆಯಲ್ಲಿ ನನಗೂ ಇದೇ ಪ್ರಶ್ನೆ ಬಂದಿತ್ತು.

ಉತ್ತರ ಇರುವುದು ಲೆಕ್ಕಪತ್ರದ ಎರಡು ದಿನಾಂಕಗಳ ನಡುವೆ. ಒಂದು, ಲೆಕ್ಕ ಯಾವ ದಿನದವರೆಗಿನದು ಅನ್ನುವ ದಿನಾಂಕ. ಇನ್ನೊಂದು, ಆಡಿಟರ್ ತಮ್ಮ ವರದಿಗೆ ಸಹಿ ಹಾಕುವ ದಿನಾಂಕ. ಈ ನಡುವಿನ ವಾರಗಳಲ್ಲಿ ಏನೇನಾಯ್ತು ಅಂತ ಹುಡುಕುವುದು ಆಡಿಟರ್ ಕೆಲಸದ ಒಂದು ಭಾಗ. ಕಂಪನಿ ಇದನ್ನು ಹೇಗೆ ಲೆಕ್ಕಕ್ಕೆ ತಗೋಬೇಕು ಅಂತ ಹೇಳುವ ಮಾನದಂಡ ಇಂಡ್ ಎಎಸ್ 10. ಆಡಿಟರ್ ಏನು ಮಾಡಬೇಕು ಅಂತ ಹೇಳುವುದು ಎಸ್‌ಎ 560.

ನಿಯಮ ಕೇಳೋಕೆ ಸರಳ. ತುಮಕೂರಿನ ಒಂದು ಅಕ್ಕಿ ಗಿರಣಿ ಅಂದುಕೊಳ್ಳಿ. ಮಾರ್ಚ್ 31ಕ್ಕೆ ಲೆಕ್ಕ ಮುಗೀತು, ಆಡಿಟರ್ ಸಹಿ ಹಾಕುವುದು ಜೂನ್‌ನಲ್ಲಿ. ಏಪ್ರಿಲ್ 20ಕ್ಕೆ, 40 ಲಕ್ಷ ಬಾಕಿ ಇಟ್ಟಿದ್ದ ಸಗಟು ವ್ಯಾಪಾರಿ ದಿವಾಳಿ ಎದ್ದ. ಏಪ್ರಿಲ್ 25ಕ್ಕೆ ಗಿರಣಿಯ ಗೋಡೌನ್‌ಗೆ ಬೆಂಕಿ ಬಿತ್ತು. ಎರಡೂ ಏಪ್ರಿಲ್‌ನಲ್ಲೇ ಆದ ನಷ್ಟ, ಆದರೆ ಲೆಕ್ಕದಲ್ಲಿ ಎರಡರ ದಾರಿ ಬೇರೆ. ವ್ಯಾಪಾರಿ ಒಂದೇ ರಾತ್ರಿಯಲ್ಲಿ ಮುಳುಗಿದವನಲ್ಲ, ಮಾರ್ಚ್ 31ಕ್ಕೇ ಅವನ ಸ್ಥಿತಿ ಕೆಟ್ಟಿತ್ತು. ಏಪ್ರಿಲ್‌ನಲ್ಲಿ ಅದು ಬಯಲಾಯಿತು, ಅಷ್ಟೇ. ಹಾಗಾಗಿ ಮಾರ್ಚ್ ಲೆಕ್ಕವನ್ನೇ ತಿದ್ದಬೇಕು. ಬೆಂಕಿ ಮಾತ್ರ ಹೊಸ ಘಟನೆ. ಮಾರ್ಚ್ 31ಕ್ಕೆ ಗೋಡೌನ್ ಗಟ್ಟಿಯಾಗಿ ನಿಂತಿತ್ತು. ಆದ್ದರಿಂದ ಅಂಕಿ ಮುಟ್ಟುವ ಹಾಗಿಲ್ಲ. ನಷ್ಟ ದೊಡ್ಡದಾಗಿದ್ದರೆ ಟಿಪ್ಪಣಿಯಲ್ಲಿ ಬರೆದು ತಿಳಿಸಬೇಕು.

ಸಾಫ್ಟ್‌ವೇರ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಬಗ್ ಯಾವತ್ತು ರಿಪೋರ್ಟ್ ಆಯ್ತು ಅನ್ನೋದು ಒಂದು ಪ್ರಶ್ನೆ, ಯಾವತ್ತಿನ ಕೋಡ್‌ನಲ್ಲಿ ಹುಟ್ಟಿತು ಅನ್ನೋದು ಇನ್ನೊಂದು. ಆಡಿಟರ್ ಕೇಳೋದು ಎರಡನೆಯದನ್ನ.

ಈಗ ಎಜಿಆರ್‌ಗೆ ಬರೋಣ. 1999ರ ಹೊಸ ಟೆಲಿಕಾಂ ನೀತಿಯ ನಂತರ ಕಂಪನಿಗಳು ನಿಗದಿತ ಲೈಸೆನ್ಸ್ ಶುಲ್ಕದ ಬದಲು ಆದಾಯದ ಒಂದು ಪಾಲನ್ನು ಸರ್ಕಾರಕ್ಕೆ ಕೊಡುವ ವ್ಯವಸ್ಥೆ ಬಂತು. ಜಗಳ ಹುಟ್ಟಿದ್ದು 'ಆದಾಯ' ಅನ್ನುವ ಒಂದೇ ಪದದ ಮೇಲೆ. ಬಡ್ಡಿ, ಡಿವಿಡೆಂಡ್, ಬಾಡಿಗೆ, ಆಸ್ತಿ ಮಾರಿದ ಲಾಭ, ಎಲ್ಲವೂ ಸೇರಬೇಕು ಅಂತ ಇಲಾಖೆ. ಫೋನ್ ಸೇವೆಯಿಂದ ಬಂದದ್ದು ಮಾತ್ರ ಅಂತ ಕಂಪನಿಗಳು. ಈ ವ್ಯಾಜ್ಯ ಒಂದೂವರೆ ದಶಕ ನಡೆಯಿತು. ಅಷ್ಟೂ ಕಾಲ ಕಂಪನಿಗಳ ಪುಸ್ತಕದಲ್ಲಿ ಇಲಾಖೆಯ ಬೇಡಿಕೆಯ ದೊಡ್ಡ ಭಾಗ ಸಾಲವಾಗಿ ಕಾಣಿಸಲೇ ಇಲ್ಲ. 'ಕಂಟಿಂಜೆಂಟ್ ಲಯಬಿಲಿಟಿ', ಅಂದರೆ ಬಂದರೂ ಬರಬಹುದಾದ ಹೊಣೆ ಅಂತ, ಹಿಂದಿನ ಪುಟಗಳ ಟಿಪ್ಪಣಿಯಲ್ಲಿ ಇತ್ತು. 2015ರಲ್ಲಿ ಟೆಲಿಕಾಂ ನ್ಯಾಯಮಂಡಳಿ ಬಹುಮಟ್ಟಿಗೆ ಕಂಪನಿಗಳ ಪರ ಹೇಳಿದ್ದರಿಂದ ಹಾಗೆ ಇಡೋಕೆ ಒಂದು ಆಧಾರವೂ ಇತ್ತು.

ಅಕ್ಟೋಬರ್ 24ರ ತೀರ್ಪು ಹೊಸ ತೆರಿಗೆ ಹಾಕಲಿಲ್ಲ. 'ನೀವು ಸಹಿ ಹಾಕಿದ ಲೈಸೆನ್ಸ್‌ನಲ್ಲೇ ಇದು ಇತ್ತು, ಮೊದಲಿಂದಲೂ ಕೊಡಬೇಕಿತ್ತು' ಅಂದಿತು. ಇಲ್ಲೇ ಇರುವುದು ಕೀಲಿ. ಹೊಣೆ ಹುಟ್ಟಿದ್ದು ಹಿಂದಿನ ವರ್ಷಗಳಲ್ಲಿ, ಅದು ಖಚಿತವಾದದ್ದು ಅಕ್ಟೋಬರ್‌ನಲ್ಲಿ. ಅಂದಮೇಲೆ ಸೆಪ್ಟೆಂಬರ್ 30ರಂದೂ ಆ ಹೊಣೆ ಇದ್ದೇ ಇತ್ತು. ದಿವಾಳಿಯಾದ ವ್ಯಾಪಾರಿಯ ಸಾಲಿಗೆ ಸೇರಿದ್ದು ಇದು, ಬೆಂಕಿಯ ಸಾಲಿಗಲ್ಲ. ಅವಧಿ ಮುಗಿದ ನಂತರ ಇತ್ಯರ್ಥವಾಗುವ ಕೋರ್ಟ್ ಕೇಸನ್ನು ಇಂಡ್ ಎಎಸ್ 10 ಲೆಕ್ಕ ತಿದ್ದಬೇಕಾದ ಘಟನೆಗಳಿಗೆ ಉದಾಹರಣೆಯಾಗಿಯೇ ಕೊಡುತ್ತದೆ.

ಇದನ್ನು ಒಂದು ತೆರಿಗೆ ಬದಲಾವಣೆಯ ಜೊತೆ ಇಟ್ಟು ನೋಡಿ. ಅದೇ 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಕಾರ್ಪೊರೇಟ್ ತೆರಿಗೆ ಇಳಿಸಿತು. ಅದು ತ್ರೈಮಾಸಿಕದ ಒಳಗೇ ಆದದ್ದು, ಹಾಗಾಗಿ ಲೆಕ್ಕಕ್ಕೆ ಸೇರಿತು. ಅದೇ ಸುಗ್ರೀವಾಜ್ಞೆ ಹನ್ನೊಂದು ದಿನ ತಡವಾಗಿ ಅಕ್ಟೋಬರ್‌ಗೆ ಜಾರಿದ್ದರೆ, ಸೆಪ್ಟೆಂಬರ್ ಅಂಕಿಗಳಲ್ಲಿ ಒಂದು ರೂಪಾಯಿಯೂ ಬದಲಾಗುತ್ತಿರಲಿಲ್ಲ. ಕಾನೂನು ಬದಲಾದರೆ ಅದು ಹೊಸ ಘಟನೆ. ಇದ್ದ ಕಾನೂನಿನ ಅರ್ಥ ಇದು ಅಂತ ಕೋರ್ಟ್ ಹೇಳಿದರೆ ಅದು ಹಳೆಯ ಸತ್ಯ. ಎರಡರಲ್ಲೂ ಹಣ ಹೋಗುವುದು ಅಥವಾ ಉಳಿಯುವುದು ಒಂದೇ ಸರ್ಕಾರದ ಬೊಕ್ಕಸದ ಲೆಕ್ಕದಲ್ಲೇ, ಆದರೂ ನಿಯಮ ಬೇರೆ.

ಹಾಗಾದರೆ ಸಹಿ ಬೇಗ ಹಾಕಿಸಿಕೊಂಡು ತಪ್ಪಿಸಿಕೊಳ್ಳಬಹುದಲ್ಲ ಅಂತ ಅನ್ನಿಸಬಹುದು. ಏರ್‌ಟೆಲ್ ತನ್ನ ಫಲಿತಾಂಶವನ್ನು ಅಕ್ಟೋಬರ್ 29ಕ್ಕೆ ಇಟ್ಟುಕೊಂಡಿತ್ತು. ತೀರ್ಪು ಬಂದ ಮೇಲೆ ಅದನ್ನು ನವೆಂಬರ್ 14ಕ್ಕೆ ಮುಂದೂಡಿತು. ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಕೊಡಬೇಕು ಅನ್ನುವುದು ಸೆಬಿ ನಿಯಮ. ನವೆಂಬರ್ 14 ಸರಿಯಾಗಿ 45ನೇ ದಿನ. ಅಂದರೆ ಗಡುವಿನ ಕೊನೆಯ ದಿನದವರೆಗೂ ಕಾದರು. ರಿಲಯನ್ಸ್ ಅಕ್ಟೋಬರ್ 18ಕ್ಕೇ ಫಲಿತಾಂಶ ಕೊಟ್ಟು ಮುಗಿಸಿತ್ತು. 2016ರಲ್ಲಷ್ಟೇ ಸೇವೆ ಶುರು ಮಾಡಿದ ಜಿಯೋಗೆ ಹಳೆಯ ಬಾಕಿ ಅಷ್ಟಾಗಿ ಇರಲಿಲ್ಲ, ಆದ್ದರಿಂದ ಯಾರಿಗೂ ಅದು ಪ್ರಶ್ನೆಯಾಗಲಿಲ್ಲ. ದೊಡ್ಡ ಬಾಕಿ ಇದ್ದ ಕಂಪನಿಯೊಂದು ಅಕ್ಟೋಬರ್ 23ಕ್ಕೆ ಸಹಿ ಮುಗಿಸಿದ್ದರೆ, ಆ ತ್ರೈಮಾಸಿಕ ಚೆಂದವಾಗಿಯೇ ಕಾಣುತ್ತಿತ್ತು, ಮತ್ತು ಅದು ನಿಯಮಬದ್ಧವೂ ಆಗಿರುತ್ತಿತ್ತು.

ಈ ಕಿಟಕಿಯೊಳಗೆ ಆಡಿಟರ್ ನಿಜವಾಗಿ ಮಾಡೋದೇನು? ಪೂರ್ತಿ ಆಡಿಟ್ ಆಗಿದ್ದರೆ, ಅವಧಿ ಮುಗಿದ ನಂತರ ನಡೆದ ಬೋರ್ಡ್ ಸಭೆಗಳ ನಡಾವಳಿ ಓದುತ್ತಾರೆ. ಹೊಸ ತಿಂಗಳ ಲೆಕ್ಕ ಇದ್ದರೆ ಅದನ್ನು ನೋಡುತ್ತಾರೆ. ಕಂಪನಿಯ ವಕೀಲರನ್ನು ಕೇಸುಗಳ ಸ್ಥಿತಿ ಕೇಳುತ್ತಾರೆ. ಕೊನೆಗೆ, ಹೇಳಬೇಕಾದ್ದನ್ನೆಲ್ಲ ಹೇಳಿದ್ದೇವೆ ಅಂತ ಆಡಳಿತ ಮಂಡಳಿಯಿಂದ ಲಿಖಿತ ಹೇಳಿಕೆ ತಗೊಳ್ತಾರೆ. ತ್ರೈಮಾಸಿಕಕ್ಕೆ ಸಾಮಾನ್ಯವಾಗಿ ಆಗೋದು 'ಲಿಮಿಟೆಡ್ ರಿವ್ಯೂ'. ಅದು ಹೆಚ್ಚಾಗಿ ಕೇಳಿ ತಿಳಿಯುವ ಕೆಲಸ, ಅಗೆದು ನೋಡುವುದು ಕಡಿಮೆ. ಎಜಿಆರ್‌ನಲ್ಲಿ ಇದು ಅಡ್ಡಿಯಾಗಲಿಲ್ಲ, ಯಾಕಂದ್ರೆ ತೀರ್ಪು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಕಷ್ಟ ಆಗೋದು ಬೋರ್ಡ್ ರೂಮಿನಾಚೆ ಯಾರಿಗೂ ಗೊತ್ತಾಗದ ಒಂದು ನೋಟಿಸ್ ಬಂದಾಗ. ಆಗ ಕೇಳಿದವರಿಗೆ ಸಿಗೋದು ಕಂಪನಿ ಹೇಳಿದ್ದಷ್ಟೇ.

ಹೊಣೆ ಇದೆ ಅಂತ ಗೊತ್ತಾದ ಮೇಲೂ ಎಷ್ಟು ಅನ್ನುವುದು ಗೊತ್ತಾಗಬೇಕಲ್ಲ. ಏರ್‌ಟೆಲ್‌ನ ವಿವರ ನೋಡಿ. ಒಟ್ಟು 28,450 ಕೋಟಿ ತೆಗೆದಿಟ್ಟಿತು. ಇದರಲ್ಲಿ ಅಸಲು 6,164 ಕೋಟಿ ಮಾತ್ರ. ಉಳಿದದ್ದು ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿ. ಟಿಪ್ಪಣಿಯಲ್ಲಿ 'ಬಂದರೂ ಬರಬಹುದು' ಅಂತ ಮಲಗಿದ್ದ ಹೊಣೆ ವರ್ಷಗಟ್ಟಲೆ ಒಳಗೇ ಬೆಳೆದದ್ದು ಹೀಗೆ.

ವೊಡಾಫೋನ್ ಐಡಿಯಾ ವಿಷಯದಲ್ಲಿ ಮೊತ್ತವೇ ಜಗಳವಾಯಿತು. 2019ರ ನವೆಂಬರ್‌ನಲ್ಲಿ ಅದು ಲೈಸೆನ್ಸ್ ಶುಲ್ಕ, ಸ್ಪೆಕ್ಟ್ರಂ ಬಳಕೆ ಶುಲ್ಕ ಎರಡೂ ಸೇರಿ ಸುಮಾರು 44,150 ಕೋಟಿ ಹೊಣೆ ಅಂತ ಅಂದಾಜು ಮಾಡಿತ್ತು. ಆಮೇಲೆ ತನ್ನದೇ ಲೆಕ್ಕ ಹಾಕಿ, ಕೊಡಬೇಕಾದ್ದು 21,533 ಕೋಟಿ ಅಂದಿತು. ಇಲಾಖೆಯ ಲೆಕ್ಕ 58,254 ಕೋಟಿ. 2020ರ ಜುಲೈ 20ರಂದು ಮರುಲೆಕ್ಕದ ಮಾತೇ ಇಲ್ಲ ಅಂತ ಕೋರ್ಟ್ ಹೇಳಿತು. ದಿನಾಂಕ ಗಮನಿಸಿ: ಜೂನ್ 30ಕ್ಕೆ ತ್ರೈಮಾಸಿಕ ಮುಗಿದಿತ್ತು, ಫಲಿತಾಂಶ ಬಂದದ್ದು ಆಗಸ್ಟ್ 6ಕ್ಕೆ. ಮತ್ತೆ ಅದೇ ಕಿಟಕಿ, ಮತ್ತೆ 25,460 ಕೋಟಿ ನಷ್ಟ.

ನನ್ನ ತಕರಾರು ಈ ನಿಯಮದ ಮೇಲಲ್ಲ. ಎಜಿಆರ್‌ನಲ್ಲಿ ನಿಯಮ ಸರಿಯಾಗಿಯೇ ಕೆಲಸ ಮಾಡಿತು. ಸುದ್ದಿ ಗೊತ್ತಿದ್ದೂ ಅದಿಲ್ಲದ ಲೆಕ್ಕ ಪ್ರಕಟಿಸುವ ದಾರಿಯನ್ನು ಮುಚ್ಚಿತು. ಹೊಣೆಯಲ್ಲಿ ನಿಂತು ಬಿಡಲೂ ಇಲ್ಲ: ಸರ್ಕಾರ ಪರಿಹಾರ ಕೊಟ್ಟರೆ, ಕೋರ್ಟ್‌ನಲ್ಲಿ ದಾರಿ ಸಿಕ್ಕರೆ ಮಾತ್ರ ಕಂಪನಿ ಮುಂದೆ ನಡೆಯೋಕೆ ಸಾಧ್ಯ ಅಂತ ವೊಡಾಫೋನ್ ಐಡಿಯಾ ಆವತ್ತಿನ ಟಿಪ್ಪಣಿಯಲ್ಲೇ ಬರೆಯಬೇಕಾಯಿತು. ತಕರಾರು ಇರುವುದು ಅದಕ್ಕೂ ಹಿಂದಿನ ತ್ರೈಮಾಸಿಕಗಳ ಬಗ್ಗೆ. ಜೂನ್‌ನ ಲೆಕ್ಕ ಓದಿ ಷೇರು ಕೊಂಡವರಿಗೆ ಸಿಕ್ಕಿದ್ದು ಗೆದ್ದರೆ ಸೊನ್ನೆ, ಸೋತರೆ ಕಂಪನಿಯೇ ಇಲ್ಲ ಅನ್ನುವಷ್ಟು ದೊಡ್ಡ ಪಣಕ್ಕೆ ಒಂದು ಟಿಪ್ಪಣಿ ಮಾತ್ರ. ಕೋರ್ಟ್ ಹೇಳುವವರೆಗೆ ಸೊನ್ನೆ, ಹೇಳಿದ ಮರುದಿನ ಪೂರ್ತಿ ಅನ್ನುವ ಈ ಜಿಗಿತವನ್ನು ಸಹಿ ದಿನಾಂಕದ ಪರಿಶೀಲನೆ ಸರಿಮಾಡೋಕಾಗಲ್ಲ.

ಆ ಪಣದ ಒಂದು ಭಾಗ ಈಗ ನಮ್ಮದೂ ಹೌದು. ಬಾಕಿಯ ಮೇಲಿನ ಬಡ್ಡಿಗೆ ಬದಲಾಗಿ 2023ರ ಫೆಬ್ರವರಿಯಲ್ಲಿ 16,133 ಕೋಟಿ ಮೊತ್ತದ ಷೇರು ಪಡೆದು ಕೇಂದ್ರ ಸರ್ಕಾರ ವೊಡಾಫೋನ್ ಐಡಿಯಾದ ಅತಿ ದೊಡ್ಡ ಷೇರುದಾರನಾಯಿತು. ಅದಕ್ಕೂ ಮೊದಲು, 2021ರ ಸೆಪ್ಟೆಂಬರ್‌ನಲ್ಲಿ, ಸಂಪುಟ ಎಜಿಆರ್ ವ್ಯಾಖ್ಯೆಯನ್ನೇ ಬದಲಿಸಿ ಟೆಲಿಕಾಂ ಅಲ್ಲದ ಆದಾಯವನ್ನು ಹೊರಗಿಟ್ಟಿತು. ಕಂಪನಿಗಳು ವರ್ಷಗಟ್ಟಲೆ ಕೇಳಿದ್ದೇ ಅದು. ಆದರೆ ಅದು ಮುಂದಿನ ದಿನಗಳಿಗೆ ಮಾತ್ರ ಅನ್ವಯಿಸುವ ಬದಲಾವಣೆ, ಅಂದರೆ ಹೊಸ ಘಟನೆ. 2019ರ ಸೆಪ್ಟೆಂಬರ್ 30ರ ಪುಟದ ಮೇಲೆ ಬಿದ್ದ ಹಳೆಯ ಬಾಕಿ ಅದರಿಂದ ಕರಗಲಿಲ್ಲ.