ಹಣ ಯಾರದು, ಫೋನು ಯಾರ ಕೈಯಲ್ಲಿ?

ಹೆಣ್ಣುಮಕ್ಕಳಿಗೆ ಮೊಬೈಲು, ಕಂಪ್ಯೂಟರು ಕಲಿಸಲು ಹೊರಟ ಸೇವಾ ಸಂಸ್ಥೆಗಳು ತಮ್ಮ ಧ್ಯೇಯವನ್ನು ಒಂದೇ ವಾಕ್ಯದಲ್ಲಿ ಬರೆದಿಡಬೇಕಾಗುತ್ತದೆ. ದಾನಿಗಳು ಮೊದಲು ಕೇಳುವುದು ಅದನ್ನೇ, ಬ್ಯಾನರಿನ ಮೇಲೆ ಬರುವುದೂ ಅದೇ. ‘ಗ್ರಾಮೀಣ ಮಹಿಳೆಯರನ್ನು ಡಿಜಿಟಲ್ ಕೌಶಲದ ಮೂಲಕ ಸಬಲರನ್ನಾಗಿಸುವುದು’ ಎಂದು ಬರೆದರೆ ಯಾರ ತಕರಾರೂ ಇರುವುದಿಲ್ಲ. ಆದರೆ ಆ ವಾಕ್ಯ ಹಾವೇರಿಗೂ ಸಲ್ಲುತ್ತದೆ, ಬೀದರಿಗೂ ಸಲ್ಲುತ್ತದೆ. ನಾಳೆ ತರಗತಿಯಲ್ಲಿ ಏನು ಕಲಿಸಬೇಕು, ಏನನ್ನು ಬಿಡಬೇಕು, ಕಲಿತರು ಎಂದು ಯಾವಾಗ ಹೇಳಬಹುದು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ವಾಕ್ಯ ಶುರುವಾಗಬೇಕಾದದ್ದು ಕಲಿಕೆಯ ಹೆಸರಿನಿಂದಲ್ಲ, ಕಲಿತವಳು ತಾನಾಗಿ ಮಾಡಬೇಕಾದ ಒಂದು ನಿರ್ದಿಷ್ಟ ಕೆಲಸದಿಂದ ಎಂಬುದು ನನ್ನ ವಾದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮಟ್ಟಿಗೆ ಆ ಕೆಲಸ ಯಾವುದೆಂದು ಹೇಳುವುದು ಕಷ್ಟವಲ್ಲ. ತನ್ನ ಹೆಸರಿಗೆ ಬಂದ ಹಣ ಎಲ್ಲಿದೆ, ಎಷ್ಟಿದೆ ಎಂದು ಆಕೆ ತಾನೇ ನೋಡಿಕೊಳ್ಳುವುದೇ ಆ ಕೆಲಸ.

ವಾಕ್ಯ ಸಡಿಲವಾಗಿದ್ದರೆ ಲೆಕ್ಕವೂ ಸಡಿಲವಾಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದ ಗುರಿ ಇದ್ದದ್ದು ಮನೆಗೊಬ್ಬರಂತೆ 6 ಕೋಟಿ ಜನರಿಗೆ ಕಲಿಸುವುದು. 20 ಗಂಟೆಗಳ ಪಾಠ, ಕೊನೆಗೊಂದು ಪರೀಕ್ಷೆ, ಪ್ರಮಾಣಪತ್ರ. 2024ರ ಮಾರ್ಚ್‌ನಲ್ಲಿ ಯೋಜನೆ ಮುಗಿದಾಗ ತರಬೇತಿ ಪಡೆದವರ ಸಂಖ್ಯೆ 6 ಕೋಟಿಯನ್ನು ದಾಟಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ಫೋನು ಚಾಲೂ ಮಾಡುವುದು, ಇ-ಮೇಲ್ ಕಳಿಸುವುದು, ಅಂತರ್ಜಾಲದಲ್ಲಿ ಹುಡುಕುವುದು, ಹಣ ಪಾವತಿಸುವುದು ಎಲ್ಲವೂ ಒಂದೇ ಪಾಠಪಟ್ಟಿಯಲ್ಲಿದ್ದವು. ಪ್ರಮಾಣಪತ್ರ ಪಡೆದ ಹೆಣ್ಣುಮಗಳು ಇವುಗಳಲ್ಲಿ ಯಾವುದನ್ನು ಮನೆಗೆ ಹೋಗಿ ಮಾಡಿದಳು ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಹೆಂಗಸರು ನೂರಕ್ಕೆ 35, ಗಂಡಸರು 62. ಮನೆಗೊಬ್ಬರು ಎಂದು ಗುರಿ ಇಟ್ಟುಕೊಂಡರೆ ಆ ಒಬ್ಬರು ಯಾರು ಎಂಬುದು ಮನೆಯ ತೀರ್ಮಾನಕ್ಕೆ ಬಿಟ್ಟ ಮಾತಾಗುತ್ತದೆ.

ಈಗ ಗೃಹಲಕ್ಷ್ಮಿಯನ್ನೇ ನೋಡೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಜಮೆಯಾಗಬೇಕು. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಹೆಣ್ಣುಮಗಳೊಬ್ಬಳಿಗೆ ಜನಧನದ ಒಂದು ಖಾತೆ, ಸಂಘದ ಸಾಲಕ್ಕೆಂದು ತೆರೆದ ಇನ್ನೊಂದು, ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮತ್ತೊಂದು ಖಾತೆ ಇದ್ದರೆ, ನೇರ ವರ್ಗಾವಣೆಗೆಂದು ಕೊನೆಗೆ ಯಾವುದು ಜೋಡಣೆಯಾಗಿದೆಯೋ ಆ ಖಾತೆಗೇ ಹಣ ಬೀಳುತ್ತದೆ. ಆಕೆ ಹಳೆಯ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ, ಬಂದಿಲ್ಲ ಎನಿಸಿಕೊಂಡು ವಾಪಸಾಗುತ್ತಾಳೆ. ಹಣವೇನೋ ಬಂದಿರುತ್ತದೆ, ಬೇರೆ ಖಾತೆಯಲ್ಲಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ನೋಡಬಹುದು, ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಕಂತು ಯಾವತ್ತು ಎಲ್ಲಿಗೆ ಬಂತು ಎಂದು ನೋಡಬಹುದು. ಆದರೆ ಎರಡೂ ಕಡೆ ಮೊದಲು ಒಟಿಪಿ ಕೇಳುತ್ತವೆ. ಒಟಿಪಿ ಹೋಗುವುದು ಆಧಾರ್‌ಗೆ ಕೊಟ್ಟ ನಂಬರಿಗೆ, ಆ ನಂಬರು ಎಷ್ಟೋ ಮನೆಗಳಲ್ಲಿ ಗಂಡನದ್ದು ಇಲ್ಲವೇ ಮಗನದ್ದು. ಊರ ಬ್ಯಾಂಕ್ ಮಿತ್ರನ ಯಂತ್ರಕ್ಕೆ ಹೆಬ್ಬೆರಳು ಒತ್ತಿ ಹಣ ತೆಗೆಯುವಾಗಲೂ ಇದೇ ತೊಡಕು. ‘ಫೇಲ್ ಆತು, ಇನ್ನೊಮ್ಮೆ ಒತ್ತವ್ವಾ’ ಎಂದರೆ ಮೊದಲ ಸಲವೇ ಹಣ ಕಡಿತವಾಗಿತ್ತೇ ಎಂದು ತಿಳಿಸುವುದು ಬ್ಯಾಂಕಿನ ಮೆಸೇಜು, ಅದೂ ಇನ್ನೊಬ್ಬರ ಜೇಬಿನಲ್ಲಿರುವ ಫೋನಿಗೆ ಬಂದಿರುತ್ತದೆ.

ಹೀಗಾಗಿ ನಾನು ಬರೆಯುವ ವಾಕ್ಯ ಇದು: ‘ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ದುಡಿಯುವ ಹೆಣ್ಣುಮಕ್ಕಳು ತಮ್ಮ ಹೆಸರಿಗೆ ಬಂದ ಹಣವನ್ನು ತಮ್ಮದೇ ನಂಬರಿನ ಫೋನಿನಲ್ಲಿ ತಾವೇ ನೋಡಿ, ತಪ್ಪಿದ್ದರೆ ಕೇಳಿ, ಬೇಕಾದಂತೆ ಬಳಸುವ ಹಾಗೆ ಮಾಡುವುದು ನಮ್ಮ ಕೆಲಸ.’ ಇದರಲ್ಲಿ ಚಂದದ ಮಾತಿಲ್ಲ, ಆದರೆ ಕಲಿಸುವವರಿಗೆ ಬೇಕಾದ ಉತ್ತರಗಳಿವೆ. ದುಡಿಯುವ ಹೆಣ್ಣುಮಕ್ಕಳು ಎಂದ ಕೂಡಲೇ ತರಗತಿಯ ವೇಳೆ ನಿಗದಿಯಾಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ತೊಟ್ಟು ಬಿಡಿಸುವ ಹೆಂಗಸರನ್ನು ಹಗಲು ಹೊತ್ತು ಕರೆದರೆ ಆ ದಿನದ ಕೂಲಿಯೇ ಹೋಗುತ್ತದೆ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹಿಂದಿನ ಸಂಜೆ ಮೊಗ್ಗಿನಿಂದ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದ್ದೇ. ಅವರಿಗೆ ಬಿಡುವು ಸಿಗುವುದು ನಡುಹಗಲಲ್ಲಿ. ತಮ್ಮದೇ ನಂಬರು ಎಂದದ್ದರಿಂದ ಮೊದಲ ಪಾಠ ಆ್ಯಪ್ ಅಲ್ಲ, ಆಕೆಯ ಹೆಸರಿನಲ್ಲಿ ಸಿಮ್ ಮಾಡಿಸಿ ಅದೇ ನಂಬರನ್ನು ಆಧಾರ್ ಕೇಂದ್ರದಲ್ಲೂ ಬ್ಯಾಂಕಿನಲ್ಲೂ ದಾಖಲಿಸುವುದು. ತಪ್ಪಿದ್ದರೆ ಕೇಳಿ ಎಂದದ್ದರಿಂದ, ಹಣ ಪಡೆಯಲು ಎಂದೂ ಪಿನ್ ಒತ್ತಬೇಕಾಗಿಲ್ಲ ಎಂಬುದೂ, ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದೂ ಪಾಠದೊಳಗೆ ಬರುತ್ತವೆ. ಪವರ್‌ಪಾಯಿಂಟ್ ಕಲಿಸಲು ಯಾರಾದರೂ ಹಣ ಕೊಡುತ್ತೇವೆಂದು ಬಂದರೆ ಬೇಡವೆನ್ನಲೂ ಇದೇ ವಾಕ್ಯ ಸಾಕು.

ಇಷ್ಟು ಇಕ್ಕಟ್ಟಾದ ವಾಕ್ಯ ಬರೆದುಕೊಂಡರೆ ಕಂಪನಿಗಳ ಸಿಎಸ್ಆರ್ ಹಣ ಕೈತಪ್ಪುತ್ತದೆ, ಮುಂದಿನ ವರ್ಷ ಬೇರೆ ಕೆಲಸ ಕೈಗೆತ್ತಿಕೊಳ್ಳಲು ಅಡ್ಡಿಯಾಗುತ್ತದೆ ಎಂಬ ಆಕ್ಷೇಪವಿದೆ. ಕಾನೂನಿನ ಮಟ್ಟಿಗೆ ಈ ಭಯಕ್ಕೆ ಆಧಾರವಿಲ್ಲ. ಟ್ರಸ್ಟ್ ಡೀಡಿನಲ್ಲಿ ಅಥವಾ ಸಂಘ ನೋಂದಣಿಯ ಜ್ಞಾಪನಪತ್ರದಲ್ಲಿ ಬರೆಯುವ ಉದ್ದೇಶಗಳು ಬೇರೆ, ಅವು ವಿಶಾಲವಾಗಿರುವುದೇ ಲೇಸು. ಧ್ಯೇಯವಾಕ್ಯವನ್ನು ಕಾರ್ಯಕಾರಿ ಸಮಿತಿ ಯಾವಾಗ ಬೇಕಾದರೂ ತಿದ್ದಬಹುದು. ಹಣದ ವಿಷಯಕ್ಕಷ್ಟೇ ಅಂಟಿಕೊಂಡರೆ ಓದಿ ಉದ್ಯೋಗ ಹುಡುಕುವ ಹುಡುಗಿಯರ ಗತಿಯೇನು ಎಂಬ ಆಕ್ಷೇಪ ಹೆಚ್ಚು ತೂಕದ್ದು. ಅವರಿಗೆ ಕಂಪ್ಯೂಟರ್ ಕಲಿಕೆ ಬೇಕು, ಒಪ್ಪುತ್ತೇನೆ. ಆದರೆ ಅದಕ್ಕೆ ಬೇರೆ ಶಿಕ್ಷಕರು, ಬೇರೆ ಯಂತ್ರ, ತಿಂಗಳುಗಟ್ಟಲೆ ಅವಧಿ ಬೇಕಾಗುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ತುಂಬಿದರೆ ಬೇಗ ಕಲಿಯುವ ಹುಡುಗಿಯರು ತರಗತಿಯ ಮುಂದಿನ ಸಾಲಿಗೆ ಬರುತ್ತಾರೆ, ತೊಟ್ಟು ಬಿಡಿಸುವ ಐವತ್ತರ ಹೆಂಗಸು ಎರಡನೇ ದಿನವೇ ಬರುವುದನ್ನು ಬಿಡುತ್ತಾಳೆ.

ಸ್ಮಾರ್ಟ್‌ಫೋನೇ ಇಲ್ಲದವಳನ್ನು ಈ ವಾಕ್ಯ ಹೊರಗಿಡುತ್ತದಲ್ಲ ಎಂದೂ ಕೇಳಬಹುದು. ಅದಕ್ಕೇ ವಾಕ್ಯದಲ್ಲಿ ಸ್ಮಾರ್ಟ್‌ಫೋನ್ ಎಂದಿಲ್ಲ. ಬ್ಯಾಂಕಿನ ಮಿಸ್ಡ್ ಕಾಲ್ ನಂಬರಿನಿಂದ ಬಾಕಿ ತಿಳಿಯಲು ಬಟನ್ ಫೋನೂ ಸಾಕು. 2022ರ ಮಾರ್ಚ್‌ನಿಂದ ಅಂಥ ಫೋನುಗಳಲ್ಲೂ ಯುಪಿಐ ಬಳಸುವ ‘123ಪೇ’ ವ್ಯವಸ್ಥೆಯಿದೆ. ಮಗನ ಸ್ಮಾರ್ಟ್‌ಫೋನಿನಲ್ಲಿ ಆಕೆಯ ಯುಪಿಐ ನಡೆಯುವುದಿಲ್ಲ, ಏಕೆಂದರೆ ಅದು ಖಾತೆಗೆ ಕೊಟ್ಟ ಸಿಮ್ ಯಾವ ಫೋನಿನಲ್ಲಿದೆಯೋ ಅಲ್ಲಿಯೇ ನೋಂದಣಿಯಾಗುತ್ತದೆ. ಆದ್ದರಿಂದ ಆಕೆಯ ಕೈಯಲ್ಲಿರಬೇಕಾದದ್ದು ದುಬಾರಿ ಫೋನಲ್ಲ, ಆಕೆಯ ನಂಬರು. ಕೆಲಸ ಆಗಿದೆಯೇ ಎಂದು ತಿಳಿಯಲು ಹಾಜರಿ ಪುಸ್ತಕ ನೋಡಬೇಕಾಗಿಲ್ಲ. ಪಾಠ ಮುಗಿದ ಆರು ತಿಂಗಳ ಮೇಲೆ ಆ ನಂಬರಿಗೆ ಕರೆ ಮಾಡಿ, ಕಳೆದ ಕಂತು ಯಾವ ಬ್ಯಾಂಕಿಗೆ, ಯಾವತ್ತು ಬಂತು ಎಂದು ಕೇಳಬೇಕು. ಫೋನು ಎತ್ತಿದವಳು ಆಕೆಯೇ ಆಗಿದ್ದು, ಉತ್ತರವನ್ನೂ ಆಕೆಯೇ ಕೊಟ್ಟರೆ ಆ ಹೆಸರನ್ನು ವರ್ಷದ ವರದಿಗೆ ಸೇರಿಸಬಹುದು. ಮಗ ಎತ್ತಿದರೆ, ಆಕೆಯ ಪಾಠವನ್ನು ಸಿಮ್‌ನಿಂದಲೇ ಮತ್ತೆ ಶುರುಮಾಡಬೇಕು.